ದೀಪಾವಳಿಗೆ ದುಬೈಯಲ್ಲಿರುವ ನಮ್ಮವರಿಗೆ ಕಳಿಸುವ ಮಾತುಗಳು

ಗುಂಪಿನ ಸದಸ್ಯರಿಗೆ ನಮಸ್ಕಾರ.

ದುಬೈ, ಅಬುಧಾಬಿಗಳಲ್ಲಿ ದುಡಿಯುವ ನಮ್ಮವರಲ್ಲಿ ಬಹಳಷ್ಟು ಮಂದಿಗೆ ದೀಪಾವಳಿಯಂದು ರಜೆ ಇರುವುದಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ನಾವು ಎಣ್ಣೆಸ್ನಾನ ಮುಗಿಸಿ ಬೆಳಿಗ್ಗೆ 5ಕ್ಕೆ ಕರೆ ಮಾಡಿದರೆ ಅವರಿಗೆ ಆಗ ನಸುಕಿನ 3.30 ಆಗಿರುತ್ತದೆ. ಆದ್ದರಿಂದ ನೀರು ತುಂಬುವ ಹಬ್ಬದ ಸಂಜೆಯೇ, ಅವರು ಕೋಣೆಗೆ ಮರಳಿದ ಮೇಲೆ ಕೇಳಿಸಿಕೊಳ್ಳುವಂತೆ, ಧ್ವನಿಸಂದೇಶ ಕಳಿಸಬೇಕೆಂದು ಕೋರುತ್ತೇನೆ.

“ನೀನಿಲ್ಲದೆ ಹಬ್ಬವೇ ಇಲ್ಲ” ಎಂಬುದು ಪ್ರೀತಿಯ ಮಾತೇ ಆದರೂ, ರಜೆಗೂ ಟಿಕೆಟ್ಟಿಗೂ ದಾರಿ ಕಾಣದವರ ಮೇಲೆ ಅದು ತಪ್ಪಿನ ಭಾರ ಹೊರಿಸುತ್ತದೆ. ಅವರ ಜಾಗ ಮನೆಯಲ್ಲಿ ಹಾಗೆಯೇ ಇದೆಯೆಂದು ತಿಳಿಸುವ ಮಾತು ಮೇಲು: “ಹಂಡೆ ತುಂಬಿಸಿದ್ದೇವೆ, ಹಿಂಡಲೆಕಾಯಿಯ ಮಾಲೆ ಕಟ್ಟಿದವಳು ನಿನ್ನ ಮಗಳು.” “ಬೇಸರ ಬಂದರೆ ಬರಲಿ ತಮ್ಮಾ, ಊಟ ಮಾತ್ರ ಬಿಡಬೇಡ.” “ಕ್ಯಾಂಪಿನಲ್ಲಿ ದೀಪ ಹಚ್ಚಲು ಬಿಡದಿದ್ದರೆ ಚಿಂತೆಯಿಲ್ಲ, ನಿನ್ನ ಹೆಸರಿನದನ್ನು ಇಲ್ಲಿ ಅಮ್ಮ ಹಚ್ಚುತ್ತಾಳೆ.”

ಸಾಲದ ಲೆಕ್ಕ, ಜಾಗದ ತಕರಾರು ಇತ್ಯಾದಿಗಳನ್ನು ದಯವಿಟ್ಟು ಹಬ್ಬದ ಮರುವಾರಕ್ಕೆ ಇಟ್ಟುಕೊಳ್ಳಿ. ಉತ್ತರ ಬರುವುದು ತಡವಾದರೆ ಪಾಳಿಯಲ್ಲಿದ್ದಾರೆಂದು ತಿಳಿಯಿರಿ. ಮತ್ತೆ ಮತ್ತೆ ಕರೆ ಮಾಡಿದರೆ, ಮನೆಯಲ್ಲಿ ಏನೋ ಆಗಿದೆಯೆಂದು ಅವರು ಗಾಬರಿಯಾಗುತ್ತಾರೆ.