ಸೋರುವುದು ನಲ್ಲಿಯೊಂದೇ ಅಲ್ಲ: ಮಕ್ಕಳ ಶಾಲೆಯ ನೀರಿನ ಬಗ್ಗೆ ಶಾಸಕರಿಗೊಂದು ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ನನ್ನ ಮಗಳು ಓದುವ ಶಾಲೆಯ 30 ನಲ್ಲಿಗಳನ್ನೂ ಬದಲಿಸಲು ನಿಮ್ಮ ನಿಧಿಯಿಂದ ಹಣ ಕೊಡುತ್ತೀರಿ ಎಂದು ಕೇಳಿ ಖುಷಿಯಾಯಿತು. ಆದರೆ ಆ ಆದೇಶಕ್ಕೆ ಸಹಿ ಹಾಕುವ ಮೊದಲು ಈ ಪತ್ರ ಓದಿ. ಶಾಲಾ ಸಮಿತಿಯವರು ನಾವೇ ಕೂತು ನೀರಿನ ಲೆಕ್ಕ ಹಾಕಿದ್ದೇವೆ. ಜಾಸ್ತಿ ನೀರು ಹೋಗುತ್ತಿರುವುದು ನಲ್ಲಿಯಿಂದಲ್ಲ.

ಒಂದು ಶನಿವಾರ ಸಂಜೆ ಮೇಲಿನ ಟ್ಯಾಂಕ್ ತುಂಬುವ ತನಕ ಕಾದೆವು. 6 ಗಂಟೆಗೆ ಮೀಟರ್ ಓದಿ ಬರೆದುಕೊಂಡು ಗೇಟಿಗೆ ಬೀಗ ಹಾಕಿದೆವು. ಸೋಮವಾರ ಬೆಳಿಗ್ಗೆ 6ಕ್ಕೆ ಮತ್ತೆ ಓದಿದೆವು. ನಡುವಿನ 36 ಗಂಟೆ ಶಾಲೆಯಲ್ಲಿ ನೀರು ಬಳಸುವವರು ಒಬ್ಬರೂ ಇರಲಿಲ್ಲ. ಆದರೂ 2,880 ಲೀಟರ್ ನೀರು ಹೋಗಿತ್ತು. ಅಂದರೆ ಗಂಟೆಗೆ 80 ಲೀಟರ್, ದಿನಕ್ಕೆ 1,920. ಭಾನುವಾರ ರಾತ್ರಿ ನಾನು ಟಾರ್ಚ್ ಹಿಡಿದು ಮೀಟರಿನ ಗಾಜಿನೊಳಗೆ ನೋಡಿದ್ದೆ. ಅಂಕಿಗಳ ಪಕ್ಕ ನಕ್ಷತ್ರದ ಹಾಗೆ ಒಂದು ಪುಟ್ಟ ಚಕ್ರ ಇರುತ್ತದೆ. ಅಷ್ಟು ನಿಶ್ಶಬ್ದದಲ್ಲಿ ಅದು ನಿಲ್ಲದೆ ತಿರುಗುತ್ತಿತ್ತು. ಹೊಟ್ಟೆ ಉರಿಯಿತು.

ಸೋರಿಕೆ ಎಲ್ಲಿ ಎಂದು ಹುಡುಕಲು ನೆಲ ಅಗೆಯಬೇಕಾಗಲಿಲ್ಲ. ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರೆ ಸಾಕು. ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿದಾಗ ಚಕ್ರ ಪೂರ್ತಿ ನಿಂತಿತು. ಹಾಗಾಗಿ ಮೀಟರಿನಿಂದ ಟ್ಯಾಂಕಿನವರೆಗಿನ ಪೈಪ್ ಸರಿಯಾಗಿದೆ. ಆಮೇಲೆ ಅದನ್ನು ತೆರೆದು, ಟ್ಯಾಂಕಿನಿಂದ ಕೆಳಗಿಳಿಯುವ ವಾಲ್ವ್ ಮುಚ್ಚಿದೆವು. ಟ್ಯಾಂಕ್ ತುಂಬಿದ್ದರೂ ಮೀಟರ್ ಗಂಟೆಗೆ 20 ಲೀಟರಿನಂತೆ ಓಡುತ್ತಲೇ ಇತ್ತು. ಟ್ಯಾಂಕ್ ತೊಳೆಯುವಾಗ ನೀರು ಖಾಲಿ ಮಾಡುವ ತಳದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಸೋರಿದ ನೀರು ಅದರ ಪೈಪಿನಲ್ಲಿ ಹಿಂದಿನ ಗೋಡೆಗುಂಟ ಇಳಿದು ನೇರ ಚರಂಡಿಗೆ ಸೇರುತ್ತಿತ್ತು. ಯಾರ ಕಣ್ಣಿಗೂ ಬೀಳದ ಜಾಗ ಅದು.

ಉಳಿದ 60 ಲೀಟರ್ ಕಟ್ಟಡದ ಒಳಗೆ. ಎಂಟೂ ಶೌಚಾಲಯಗಳ ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ, 20 ನಿಮಿಷ ಯಾರೂ ಫ್ಲಶ್ ಮಾಡದಂತೆ ನೋಡಿಕೊಂಡೆವು. ಮೂರರಲ್ಲಿ ಬಣ್ಣ ಕೆಳಗಿನ ಕಮೋಡಿಗೆ ಇಳಿದಿತ್ತು. ಒಳಗೋಡೆಗೆ ಅಂಟಿಕೊಂಡು ಇಳಿಯುವ ನೀರು ಅದು, ಸದ್ದೇ ಇಲ್ಲ. ಆ ಮೂರಕ್ಕೆ ನೀರು ಹೋಗುವ ಕಾಕ್‌ಗಳನ್ನು ಮುಚ್ಚಿ ಮತ್ತೊಂದು ರಾತ್ರಿ ಮೀಟರ್ ಓದಿದಾಗ ಗಂಟೆಗೆ 48 ಲೀಟರ್ ಕಡಿಮೆಯಾಗಿತ್ತು.

ಕೊನೆಗೆ ಉಳಿದದ್ದು ನಲ್ಲಿಗಳು. ತೊಟ್ಟಿಕ್ಕುತ್ತಿದ್ದದ್ದು ಐದು. ಹಳೇ ಮೀಟರ್‌ಗಳು ತೀರಾ ನಿಧಾನವಾಗಿ ಹರಿಯುವ ನೀರನ್ನು ಸರಿಯಾಗಿ ಎಣಿಸುವುದಿಲ್ಲ. ಅದಕ್ಕೆ ಪ್ರತಿ ನಲ್ಲಿಯ ಕೆಳಗೆ ಮಗ್ ಇಟ್ಟು ಅಳೆದೆವು. ಐದೂ ಸೇರಿ ನಿಮಿಷಕ್ಕೆ 200 ಮಿಲಿಲೀಟರ್, ಅಂದರೆ ಗಂಟೆಗೆ 12 ಲೀಟರ್. ಕಣ್ಣಿಗೆ ಕಾಣುವ, ಎಲ್ಲರೂ ದೂರುವ ಸೋರಿಕೆ ಒಟ್ಟು 80ರಲ್ಲಿ ಇಷ್ಟೇ, ನೂರಕ್ಕೆ 15ರಷ್ಟು. ನಿಮ್ಮ ಹಣವೆಲ್ಲ ಈಗ ಹೋಗುತ್ತಿರುವುದು ಇದಕ್ಕೇ ಅಲ್ವಾ?

ಬೇಕಾಗಿರುವ ಸಾಮಾನು ತುಂಬಾ ಕಡಿಮೆ. ಮೇಲಿನ ಟ್ಯಾಂಕಿನ ತಳಕ್ಕೆ ಒಂದು ವಾಲ್ವ್, ಮೂರು ಫ್ಲಶ್ ಟ್ಯಾಂಕುಗಳಿಗೆ ತಳದ ರಬ್ಬರ್, ಐದು ನಲ್ಲಿಗಳಿಗೆ ವಾಷರ್. ಒಂದು ಮಾತು ಕೆಲಸದವರಿಗೆ ಹೇಳಲೇಬೇಕು. ರಬ್ಬರ್ ಕೂರುವ ಅಂಚಿನಲ್ಲಿ ಗಡಸು ನೀರಿನ ಬಿಳಿ ಪದರ ಕಟ್ಟಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಸುಮ್ನೆ ಹೊಸ ರಬ್ಬರ್ ಹಾಕಿದರೆ ಮತ್ತೆ ಸೋರಲು ಶುರುವಾಗುತ್ತದೆ.

ನಲ್ಲಿಗಳ ವಿಷಯಕ್ಕೆ ಬಂದರೆ, ಈಗಿನವು ಒಂದು ಲೀಟರ್ ಜಗ್ಗನ್ನು 5 ಸೆಕೆಂಡಿಗೆ ತುಂಬಿಸುತ್ತವೆ. ಬಾಯಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಪುಟ್ಟ ಜಾಲರಿ, ಹಾಕಿದರೆ ಹರಿವನ್ನು ಅರ್ಧಕ್ಕೆ ಇಳಿಸಬಹುದು. ನಮ್ಮಲ್ಲಿ 400 ಮಕ್ಕಳು. ಒಬ್ಬೊಬ್ಬರು ದಿನಕ್ಕೆ ಮೂರು ಸಲ, ಸಲಕ್ಕೆ 10 ಸೆಕೆಂಡ್ ಕೈ ತೊಳೆದರೆ 1,200 ಲೀಟರ್ ಉಳಿಯುತ್ತದೆ. ಆದರೆ ಇದು ಅಂದಾಜು, ಅದೂ ಶಾಲೆ ನಡೆಯುವ ದಿನ ಮಾತ್ರ. ಬಾಟಲಿ, ಬಕೆಟ್ ತುಂಬಿಸುವಾಗ ಏನೂ ಉಳಿಯುವುದಿಲ್ಲ, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಜಾಲರಿಯಲ್ಲಿ ಕಸ ಕಟ್ಟಿದಾಗ ಬಿಚ್ಚಿ ತೊಳೆಯಲೂ ಒಬ್ಬರು ಬೇಕು. ಹಾಗಾಗಿ ಕೈ ತೊಳೆಯುವ ಜಾಗದ ನಲ್ಲಿಗಳಿಗಷ್ಟೇ ಏರೇಟರ್ ಹಾಕಿಸಿ, ಉಳಿದವನ್ನು ಹಾಗೇ ಬಿಡಿ. ಸೋರಿಕೆ ನಿಂತರೆ ಉಳಿಯುವ 1,920 ಲೀಟರ್ ಮಾತ್ರ ಅಳೆದು ನೋಡಿದ ಲೆಕ್ಕ. ರಜೆಯ ದಿನವೂ ಉಳಿಯುತ್ತದೆ.

ನಿಮ್ಮಲ್ಲಿ ಕೇಳುವುದು ಎರಡು. ಆದೇಶದಲ್ಲಿ "30 ನಲ್ಲಿ ಬದಲಾವಣೆ" ಎಂಬುದನ್ನು ತೆಗೆದು ಮೇಲಿನ ರಿಪೇರಿಗಳನ್ನು ಸೇರಿಸಿ. ಜೊತೆಗೆ, ಎಷ್ಟು ಸಾಮಾನು ಹಾಕಿದರು ಎಂದು ಎಣಿಸಿ ಬಿಲ್ ಪಾಸ್ ಮಾಡಬೇಡಿ. ಕೆಲಸ ಮುಗಿದ ಮೇಲೆ ಒಂದು ರಜೆಯ ರಾತ್ರಿ ಶಾಲಾ ಸಮಿತಿಯ ಎದುರಿಗೇ ಮೀಟರ್ ಓದಿಸಿ, ಅದರ ಚಕ್ರ ನಿಂತಿದ್ದರೆ ಮಾತ್ರ ಹಣ ಬಿಡುಗಡೆ ಮಾಡಿಸಿ. ನಮ್ಮ ನಾಲ್ಕು ರಾತ್ರಿಯ ಓದುಗಳನ್ನು ಬರೆದಿಟ್ಟ ಪುಸ್ತಕ ಮುಖ್ಯ ಶಿಕ್ಷಕರ ಕೊಠಡಿಯಲ್ಲಿದೆ. ನಿಮ್ಮ ಎಂಜಿನಿಯರ್ ಯಾವತ್ತು ಬಂದರೂ ತೋರಿಸುತ್ತೇವೆ.

ಇಂತಿ,
ಶಾಲಾ ಸಮಿತಿಯ ಒಬ್ಬ ಪೋಷಕ