ಜೆರಾಕ್ಸ್ ಮಷಿನ್ ಇದ್ದರೆ ಗಡಿ 40 ಲಕ್ಷ ಅಲ್ಲ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಅಂಕಿ: 40 ಲಕ್ಷ. ವರ್ಷದ ವಹಿವಾಟು ಅಷ್ಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಂತ ಅಂಗಡಿಯವರು ನೆಮ್ಮದಿಯಾಗಿದ್ದಾರೆ. ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ನನಗೆ ಈ ನೆಮ್ಮದಿ ನೋಡಿದರೇ ಭಯ.

ಏಕೆಂದರೆ ಆ 40 ಲಕ್ಷದ ಗಡಿ ಇರುವುದು ಬರೀ ಸರಕು ಮಾರುವವರಿಗೆ. ಒಂದು ಸ್ಟೇಷನರಿ ಅಂಗಡಿ ಇದೆ ಅಂದುಕೊಳ್ಳಿ. ವರ್ಷಕ್ಕೆ 24 ಲಕ್ಷದ ಸಾಮಾನು ಮಾರುತ್ತದೆ. ಮೂಲೆಯಲ್ಲೊಂದು ಜೆರಾಕ್ಸ್ ಮಷಿನ್, ಅದರಿಂದ 3 ಲಕ್ಷ. ಜೆರಾಕ್ಸ್, ಲ್ಯಾಮಿನೇಷನ್ ಎಲ್ಲ ಸೇವೆ. ಸೇವೆ ಸೇರಿದ ಕೂಡಲೇ ಗಡಿ 20 ಲಕ್ಷಕ್ಕೆ ಇಳಿಯುತ್ತದೆ. 27 ಲಕ್ಷದ ಈ ಅಂಗಡಿ ನೋಂದಣಿ ಮಾಡಿಸಲೇಬೇಕು. ಮಷಿನ್ ಇಲ್ಲದಿದ್ದರೆ ಬೇಡ. ಬೀಡಿ, ಸಿಗರೇಟು, ಪಾನ್ ಮಸಾಲಾ, ಐಸ್‌ಕ್ರೀಮ್ ಮಾರುವವರದ್ದೂ ಇದೇ ಕಥೆ. ಸೇವೆ ಏನೂ ಇಲ್ಲದಿದ್ದರೂ ಅವರಿಗೆ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ. ನಮ್ಮ ಎಷ್ಟು ಗೂಡಂಗಡಿಗಳಲ್ಲಿ ಸಿಗರೇಟು ಇಲ್ಲ, ಹೇಳಿ?

ಇನ್ನೊಂದು ಗೊಂದಲ, ಯಾವುದನ್ನು ಕೂಡಿಸಬೇಕು ಎನ್ನುವುದು. ಶಾಲೆಯ ನೋಟ್‌ಬುಕ್ಕಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯೇ ಇಲ್ಲ. ಆದರೂ ಅದರ ಮಾರಾಟ ಒಟ್ಟು ವಹಿವಾಟಿಗೆ ಸೇರುತ್ತದೆ. ನಗದು ವ್ಯಾಪಾರವೂ ಸೇರುತ್ತದೆ. ನಿಮ್ಮ ತಮ್ಮ ಕಳಿಸಿದ ಕೈಸಾಲ ಸೇರುವುದಿಲ್ಲ, ಅದು ಅಂಗಡಿಯ ಫೋನಿಗೇ ಬಂದಿದ್ದರೂ. ಮಾರುವ ಸಾಮಾನೆಲ್ಲ ತೆರಿಗೆ ಇಲ್ಲದ್ದೇ ಆಗಿದ್ದರೆ ಮಾತ್ರ ಎಷ್ಟು ವ್ಯಾಪಾರವಾದರೂ ನೋಂದಣಿ ಬೇಡ.

ಏಪ್ರಿಲ್‌ನಿಂದ ಕೂಡಿಸುತ್ತಾ ಬನ್ನಿ. ಗಡಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಗೆ ಹಾಕಿದವರಿಗೆ, ಅಂಗಡಿಯಲ್ಲಿ ಉಳಿದಿರುವ ಸ್ಟಾಕಿಗೆ ಈಗಾಗಲೇ ಕೊಟ್ಟ ತೆರಿಗೆಯನ್ನೂ ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಒಂದು ವರ್ಷದೊಳಗಿನ ಖರೀದಿ ಬಿಲ್ ಇರಬೇಕು. ತಡ ಮಾಡಿದರೆ ಈ ಅವಕಾಶ ಹೋಗುತ್ತದೆ, ನಡುವಿನ ಮಾರಾಟದ ತೆರಿಗೆ ಮಾತ್ರ ತಲೆಗೆ ಬರುತ್ತದೆ.

ಇನ್ನು ಬೆಲೆ. 'ನೋಂದಣಿ ಮಾಡಿಸಿದರೆ ಎಲ್ಲದಕ್ಕೂ ಶೇ 18 ಜಾಸ್ತಿ ಹಾಕಬೇಕು, ಗಿರಾಕಿ ಓಡಿಹೋಗ್ತಾನೆ' ಅನ್ನುವವರೇ ಹೆಚ್ಚು. ಲೆಕ್ಕ ಹಾಗಿಲ್ಲ. ಒಂದು ಸ್ಟೇಪ್ಲರ್ 100 ರೂಪಾಯಿ, ಮೇಲೆ 18 ತೆರಿಗೆ ಕೊಟ್ಟು 118ಕ್ಕೆ ತಂದಿದ್ದೀರಿ. 130ಕ್ಕೆ ಮಾರಿದರೆ 12 ರೂಪಾಯಿ ಲಾಭ. ಈಗ ಸಾಮಾನ್ಯ ನೋಂದಣಿ ಆಯಿತು. ಅದೇ 130ಕ್ಕೆ ಮಾರಿ. ಅದರೊಳಗೆ ತೆರಿಗೆ 19.83 ರೂಪಾಯಿ. ಖರೀದಿಯಲ್ಲಿ ಕೊಟ್ಟ 18 ಕಳೆದರೆ ಸರ್ಕಾರಕ್ಕೆ ಕಟ್ಟುವುದು 1.83 ಮಾತ್ರ. ಲಾಭ 12ರಿಂದ 10.17ಕ್ಕೆ ಇಳಿಯುತ್ತದೆ. ಮೊದಲಿನ ಲಾಭವೇ ಬೇಕೆಂದರೆ ಬೆಲೆ 132.16 ಆದರೆ ಸಾಕು. ಅಂದರೆ ತೆರಿಗೆಯ ಹೊರೆ ಬೀಳುವುದು ನಿಮ್ಮ ಮಾರ್ಜಿನ್ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. ಸಪ್ಲೈಯರ್ ಪಕ್ಕಾ ಬಿಲ್ ಕೊಡದಿದ್ದರೆ ಮಾತ್ರ ಆ 18 ರೂಪಾಯಿ ಕೈತಪ್ಪಿ, ಲೆಕ್ಕವೆಲ್ಲ ಬುಡಮೇಲು.

ಸಣ್ಣವರಿಗೆ ಇರುವ ಸರಳ ತೆರಿಗೆ ಪದ್ಧತಿ ಕಾಂಪೊಸಿಷನ್. ಅದನ್ನು ತೆಗೆದುಕೊಂಡರೆ ವ್ಯಾಪಾರಿಗೆ ತೆರಿಗೆ ಮಾರಾಟದ ಶೇ 1. ಮೇಲಿನ ಸ್ಟೇಪ್ಲರಿಗೆ 1.30 ಕಟ್ಟಿ 10.70 ಉಳಿಯುತ್ತದೆ. ಕೆಲಸವೂ ಕಡಿಮೆ. ಆದರೆ ಬಿಲ್ಲಿನಲ್ಲಿ ತೆರಿಗೆ ಅಂತ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಖರೀದಿಯ ತೆರಿಗೆ ವಾಪಸ್ ಕೇಳುವಂತೆಯೂ ಇಲ್ಲ. ಮಾರ್ಜಿನ್ ತೀರಾ ಕಡಿಮೆ ಇರುವವರಿಗೆ ಇದು ದುಬಾರಿ. ಅದೇ ಸ್ಟೇಪ್ಲರನ್ನು 123ಕ್ಕೆ ಮಾರುವವನಿಗೆ ಕಾಂಪೊಸಿಷನ್‌ನಲ್ಲಿ 1.23 ಹೋದರೆ, ಸಾಮಾನ್ಯ ನೋಂದಣಿಯಲ್ಲಿ ಹೋಗುವುದು ಬರೀ 76 ಪೈಸೆ. ಗಿರಾಕಿಗಳಲ್ಲಿ ಜಿಎಸ್‌ಟಿ ಇರುವ ಆಫೀಸುಗಳೇ ಜಾಸ್ತಿ ಇದ್ದರೂ ಸಾಮಾನ್ಯ ನೋಂದಣಿಯೇ ಲೇಸು. ನೀವು ಹಾಕಿದ ತೆರಿಗೆ ಅವರಿಗೆ ಕ್ರೆಡಿಟ್ ಸಿಗುತ್ತದೆ, ಕಾಂಪೊಸಿಷನ್ ಬಿಲ್ಲಿಗೆ ಏನೂ ಸಿಗುವುದಿಲ್ಲ.

ಪ್ಯಾಕೆಟ್ ಸಾಮಾನಿನ ವಿಷಯ ಬೇರೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಎಂಆರ್‌ಪಿಗೇ ಮಾರುತ್ತಿದ್ದವನು ನೋಂದಣಿ ಆಯಿತೆಂದು ಮೇಲೆ ಒಂದು ಪೈಸೆ ಕೇಳುವಂತಿಲ್ಲ, ತೆರಿಗೆ ಅವನ ಲಾಭದಿಂದಲೇ ಹೋಗಬೇಕು.

ವಾಣಿಜ್ಯ ತೆರಿಗೆ ಇಲಾಖೆಗೆ ನನ್ನದು ಒಂದೇ ಕೋರಿಕೆ. ಜಾಗೃತಿ ಸಭೆಗಳಲ್ಲಿ ಸುಮ್ನೆ '40 ಲಕ್ಷ' ಅಂತ ಹೇಳಿ ಮುಗಿಸಬೇಡಿ. ಜೆರಾಕ್ಸ್, ಸಿಗರೇಟು, ಐಸ್‌ಕ್ರೀಮ್ ಇರುವ ಅಂಗಡಿಗೆ 20 ಲಕ್ಷ ಎನ್ನುವ ಮಾತನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಿಸಿ.

ಇಂತಿ,
ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಒಬ್ಬ ಓದುಗ