ನೀರಿನ ಗ್ರಾಫ್‌ನಲ್ಲಿ ಬಣ್ಣದ ಪಟ್ಟಿ ಇನ್ನಿಲ್ಲ, ಗೆರೆಯ ತುದಿಯಲ್ಲೇ ಹೆಸರು

ಮಾನ್ಯ ಗ್ರಾಹಕರೇ,

ನಿಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾವು ತಿಂಗಳು ತಿಂಗಳು ಕಳಿಸುವ ನೀರಿನ ವರದಿಯ ಮೊದಲ ಪುಟದಲ್ಲಿ ನಾಲ್ಕು ಗೆರೆಗಳ ಗ್ರಾಫ್ ಇರುತ್ತದೆ: ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮತ್ತು ಎಸ್‌ಟಿಪಿಯಿಂದ ಬಂದ ಮರುಬಳಕೆ ನೀರು. ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಲೆಜೆಂಡ್ ಪಟ್ಟಿ ಇದುವರೆಗೆ ಗ್ರಾಫ್‌ನ ಕೆಳಗಿರುತ್ತಿತ್ತು. ಮುಂದಿನ ತಿಂಗಳಿಂದ ಅದನ್ನು ತೆಗೆದು, ಪ್ರತಿ ಗೆರೆಯ ಬಲತುದಿಯಲ್ಲೇ ಅದರ ಹೆಸರನ್ನೂ ಕೊನೆಯ ತಿಂಗಳ ಅಂಕಿಯನ್ನೂ ಬರೆಯುತ್ತೇವೆ.

ಲೆಜೆಂಡ್ ಇದ್ದಾಗ ಓದುವವರ ಕಣ್ಣು ಗೆರೆಯಿಂದ ಪಟ್ಟಿಗೆ ಇಳಿದು, ಬಣ್ಣ ನೆನಪಿಟ್ಟುಕೊಂಡು, ಮತ್ತೆ ಮೇಲೆ ಹತ್ತಬೇಕು. ನಾಲ್ಕು ಗೆರೆಗೆ ನಾಲ್ಕು ಸಲ. ಪಟ್ಟಿಯ ಕ್ರಮ ಎಕ್ಸೆಲ್‌ನ ಕಾಲಂಗಳ ಕ್ರಮ. ಗೆರೆಗಳು ನಿಂತಿರುವುದು ಬಳಕೆಯ ಕ್ರಮದಲ್ಲಿ. ಎರಡೂ ಹೊಂದದಿದ್ದಾಗ ಹುಡುಕಾಟ ಇನ್ನೂ ಹೆಚ್ಚು. ನೋಟಿಸ್ ಬೋರ್ಡ್‌ಗೆ ಕಪ್ಪುಬಿಳುಪು ಜೆರಾಕ್ಸ್ ಹಾಕಿದರಂತೂ ಕಿತ್ತಳೆ ಬಣ್ಣದ ಟ್ಯಾಂಕರ್ ಗೆರೆ, ಹಸಿರು ಬಣ್ಣದ ಬೋರ್‌ವೆಲ್ ಗೆರೆ ಎರಡೂ ಒಂದೇ ಬೂದು. ಬೇಸಿಗೆಯಲ್ಲಿ ಕಮಿಟಿಗೆ ತಿಳಿಯಬೇಕಾದದ್ದು ಈ ಎರಡರಲ್ಲಿ ಯಾವುದು ಮೇಲೆ ಎಂಬುದೇ. ಕೆಂಪು ಹಸಿರಿನ ಭೇದ ಕಾಣದವರಿಗೆ ಬಣ್ಣದ ಪ್ರತಿಯಲ್ಲೂ ಇದೇ ತೊಂದರೆ.

ಹೊಸ ಪದ್ಧತಿಯಲ್ಲಿ ಒಂದೇ ಒಂದು ದೊಡ್ಡ ತೊಡಕಿದೆ: ಎರಡು ಗೆರೆಗಳು ಹತ್ತಿರ ಹತ್ತಿರ ಮುಗಿದರೆ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಮಾದರಿ ಲೆಕ್ಕ ನೋಡಿ. ಗ್ರಾಫ್‌ನ ಎತ್ತರ 240 ಪಾಯಿಂಟ್, ಅಳತೆ 0ಯಿಂದ 600 ಕಿಲೋಲೀಟರ್ ಎಂದುಕೊಳ್ಳಿ. ಆಗ ಒಂದು ಪಾಯಿಂಟ್‌ಗೆ 2.5 ಕಿಲೋಲೀಟರ್. ಕೊನೆಯ ತಿಂಗಳು ಕಾವೇರಿ 410, ಮರುಬಳಕೆ 290, ಬೋರ್‌ವೆಲ್ 180, ಟ್ಯಾಂಕರ್ 165. ಕೊನೆಯ ಎರಡರ ನಡುವೆ 15 ಕಿಲೋಲೀಟರ್, ಅಂದರೆ ಬರೀ 6 ಪಾಯಿಂಟ್. 10 ಪಾಯಿಂಟ್ ಅಕ್ಷರದ ಹೆಸರುಗಳಿಗೆ ನಾವು 15 ಪಾಯಿಂಟ್ ಅಂತರ ಇಡುತ್ತೇವೆ. ಇಂಗ್ಲಿಷ್‌ಗೆ ಇಷ್ಟು ಬೇಡ, ಆದರೆ ‘ಟ್ಯಾಂಕರ್’ನಂಥ ಪದದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಕೊರತೆ 9 ಪಾಯಿಂಟ್. ಆದ್ದರಿಂದ ಬೋರ್‌ವೆಲ್ ಹೆಸರನ್ನು 4.5 ಪಾಯಿಂಟ್ ಮೇಲಕ್ಕೆ, ಟ್ಯಾಂಕರ್ ಹೆಸರನ್ನು ಅಷ್ಟೇ ಕೆಳಕ್ಕೆ ಸರಿಸುತ್ತೇವೆ. ಸರಿಸುವುದು ಹೆಸರನ್ನು ಮಾತ್ರ, ಗೆರೆಯನ್ನಲ್ಲ. ಮೇಲೆ ಕೆಳಗಿನ ಕ್ರಮವೂ ಬದಲಾಗದು. ಇನ್ನೂ ಹೆಚ್ಚು ಸರಿಸಬೇಕಾಗಿ ಬಂದರೆ ಹೆಸರಿನಿಂದ ಗೆರೆಯ ತುದಿಗೆ ತೆಳ್ಳನೆಯ ಬೂದು ಎಳೆ ಹಾಕುತ್ತೇವೆ. ಹೆಸರಿನ ಪಕ್ಕ ಅಂಕಿ ಬರೆಯುವುದೂ ಇದೇ ಕಾರಣಕ್ಕೆ: ಸರಿದ ಹೆಸರಿನ ಎತ್ತರವನ್ನೇ ಅಳತೆ ಎಂದು ಯಾರೂ ಓದಬಾರದು.

ಹೆಸರಿನ ಬಣ್ಣ ಗೆರೆಯದ್ದೇ, ಆದರೆ ಒಂದಿಷ್ಟು ಗಾಢ. ದಪ್ಪ ಗೆರೆಗೆ ಚೆನ್ನಾಗಿ ಕಾಣುವ ಕಿತ್ತಳೆ, ಬಿಳಿ ಕಾಗದದ ಮೇಲೆ ಸಣ್ಣ ಅಕ್ಷರವಾದಾಗ ಮಸುಕಾಗುತ್ತದೆ. ಗೆರೆಗಳು ನಡುವೆ ಒಂದನ್ನೊಂದು ದಾಟಿ ಹೋಗುವ ತಿಂಗಳುಗಳಲ್ಲಿ ತುದಿಯ ಹೆಸರೊಂದೇ ಸಾಲದು, ಹಾಗಾಗಿ ಟ್ಯಾಂಕರ್ ಗೆರೆಯನ್ನು ತುಂಡು ತುಂಡಾಗಿ ಎಳೆಯುತ್ತೇವೆ. ಜೆರಾಕ್ಸ್‌ನಲ್ಲೂ ಅದು ಬೇರೆಯಾಗಿಯೇ ಕಾಣುತ್ತದೆ.

ನಿಮ್ಮ ಕಡೆಯೇ ಎಕ್ಸೆಲ್‌ನಲ್ಲಿ ಗ್ರಾಫ್ ಮಾಡಿಕೊಳ್ಳುವವರು ಹೀಗೆ ಮಾಡಿ. ಗೆರೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಇಡೀ ಗೆರೆ ಆಯ್ಕೆಯಾಗುತ್ತದೆ. ಸ್ವಲ್ಪ ತಡೆದು ಕೊನೆಯ ಬಿಂದುವಿನ ಮೇಲೆ ಮತ್ತೊಮ್ಮೆ ಕ್ಲಿಕ್ ಮಾಡಿದರೆ ಆ ಬಿಂದು ಮಾತ್ರ. ಈಗ ರೈಟ್ ಕ್ಲಿಕ್ ಮಾಡಿ `Add Data Label` ಕೊಡಿ. ಬಂದ ಅಂಕಿಯ ಮೇಲೆ ರೈಟ್ ಕ್ಲಿಕ್ ಮಾಡಿ `Format Data Label` ತೆರೆದು, `Series Name` ಟಿಕ್ ಮಾಡಿ, ಸ್ಥಾನ `Right` ಎಂದು ಇಡಿ. ಎಲ್ಲ ಗೆರೆಗೂ ಆದಮೇಲೆ ಲೆಜೆಂಡ್ ಅಳಿಸಿ, ಗ್ರಾಫ್‌ನ ಒಳಚೌಕದ ಬಲ ಅಂಚನ್ನು ಎಡಕ್ಕೆ ಎಳೆದು ಹೆಸರಿಗೆ ಜಾಗ ಬಿಡಿ. ಇದನ್ನು ಮರೆತರೆ ಹೆಸರು ಗೆರೆಗಳ ಮೇಲೆಯೇ ಕೂರುತ್ತದೆ.

ಇಲ್ಲಿ ಒಂದು ಎಚ್ಚರ. 12 ತಿಂಗಳ ಗ್ರಾಫ್‌ನಲ್ಲಿ ಹೆಸರು ಅಂಟಿಕೊಳ್ಳುವುದು ಗೆರೆಯ ತುದಿಗಲ್ಲ, ಹನ್ನೆರಡನೆಯ ಬಿಂದುವಿಗೆ. ಹದಿಮೂರನೆಯ ತಿಂಗಳು ಸೇರಿಸಿದರೆ ಹೆಸರು ಹಿಂದೆಯೇ ಉಳಿದು ಗೆರೆ ಮುಂದೆ ಹೋಗಿರುತ್ತದೆ. ಯಾವಾಗಲೂ ಇತ್ತೀಚಿನ 12 ತಿಂಗಳನ್ನಷ್ಟೇ ತೋರಿಸಿದರೆ ಈ ತಾಪತ್ರಯವಿಲ್ಲ. ಟ್ಯಾಂಕರ್ ತರಿಸದ ತಿಂಗಳಿಗೆ ಖಾಲಿ ಬಿಡದೆ 0 ಬರೆಯಿರಿ. ಕೊನೆಯ ತಿಂಗಳ ಸೆಲ್ ಖಾಲಿಯಿದ್ದರೆ ಹೆಸರೇ ಕಾಣುವುದಿಲ್ಲ.

ಬ್ಲಾಕ್‌ವಾರು ಬಳಕೆಯ ಗ್ರಾಫ್‌ಗೆ ಈ ಬದಲಾವಣೆ ಇಲ್ಲ. ಎಂಟು ಹತ್ತು ಬ್ಲಾಕ್‌ಗಳ ಹೆಸರು ಒಂದೇ ಅಂಚಿನಲ್ಲಿ ಹಿಡಿಸುವುದಿಲ್ಲ, ಅದನ್ನು ಬ್ಲಾಕಿಗೊಂದರಂತೆ ಸಣ್ಣ ಗ್ರಾಫ್‌ಗಳಾಗಿ ಒಡೆಯುತ್ತೇವೆ.

ನಿಮ್ಮಿಂದ ಒಂದು ಸಹಾಯ ಬೇಕು. ಬಲ ಅಂಚಿನ ಅಗಲವನ್ನು ನಿರ್ಧರಿಸುವುದು ಎಲ್ಲಕ್ಕಿಂತ ಉದ್ದದ ಹೆಸರು. ‘ಹಿಂಬದಿ ಗೇಟಿನ ಹೊಸ ಬೋರ್‌ವೆಲ್’ ಎಂದಿದ್ದರೆ ಮೊಬೈಲ್‌ನಲ್ಲಿ ಗೆರೆಗಳಿಗೆ ಜಾಗವೇ ಉಳಿಯದು. ನಿಮ್ಮ ನೀರಿನ ಮೂಲಗಳಿಗೆ ಎಂಟು ಹತ್ತು ಅಕ್ಷರ ಮೀರದ ಹೆಸರುಗಳನ್ನು ಈ ತಿಂಗಳ 25ರೊಳಗೆ ಬರೆದು ಕಳಿಸಿ. ಬಾರದಿದ್ದರೆ ‘ಬೋರ್‌ವೆಲ್ 1’, ‘ಬೋರ್‌ವೆಲ್ 2’ ಎಂದೇ ಹಾಕುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ವರದಿ ವಿಭಾಗ, ಬೆಂಗಳೂರು